ಹಣ ಹೋಗಿದೆ, ಅರ್ಜಿಯಲ್ಲಿ ಮಾತ್ರ ‘ಪಾವತಿ ಬಾಕಿ’: ಜಗಳೂರಿನವರಿಗೆ ಉತ್ತರ

ಪ್ರಶ್ನೆ: “ಸೈಬರ್ ಸೆಂಟರಿನವರ ಫೋನಿನಿಂದ ಪರೀಕ್ಷಾ ಶುಲ್ಕ ಕಟ್ಟಿಸಿದೆ. ಅವರ ಖಾತೆಯಿಂದ 600 ರೂಪಾಯಿ ಹೋಗಿದೆ, ಅರ್ಜಿಯಲ್ಲಿ ‘ಪಾವತಿ ಬಾಕಿ’ ಎಂದೇ ಇದೆ. ನಾಡಿದ್ದು ಕೊನೆಯ ದಿನ. ಬ್ಯಾಂಕಿಗೆ ಹೋಗಲೇ, ಮತ್ತೆ ಕಟ್ಟಲೇ?”

ತಂಗಿ, ಈಗಲೇ ಬ್ಯಾಂಕಿಗೆ ಓಡಬೇಡಿ. ಮೊದಲು ಆ ಸೈಬರ್ ಸೆಂಟರಿಗೆ ಹೋಗಿ, ಅವರ ಫೋನಿನಲ್ಲಿ ಆ ಪಾವತಿಯ ವಿವರ ತೆರೆಸಿ, ಹನ್ನೆರಡು ಅಂಕಿಯ ಯುಟಿಆರ್ ಸಂಖ್ಯೆ ಕಾಣುವಂತೆ ಫೋಟೊ ತೆಗೆದುಕೊಳ್ಳಿ. ಫೋನ್‌ಪೇಯಲ್ಲಿ T ಅಕ್ಷರದಿಂದ ಶುರುವಾಗುವ ಉದ್ದನೆಯ ಸಂಖ್ಯೆಯನ್ನು ಬರೆದುಕೊಂಡು ಬರುವವರೇ ಹೆಚ್ಚು. ಬ್ಯಾಂಕಿನವರಿಗೆ ಬೇಕಾದದ್ದು ಅದಲ್ಲ, ಯುಟಿಆರ್.

ಫೋನಿನಲ್ಲಿ ಹಸಿರು ಗುರುತು ಬಂದಾಕ್ಷಣ ಶುಲ್ಕ ಸಂದಾಯವಾಯಿತು ಎಂದುಕೊಳ್ಳಬೇಡಿ. ಹಣ ಬ್ಯಾಂಕಿನಿಂದ ಹೊರಟು ಪಾವತಿ ಗೇಟ್‌ವೇ ಸೇರಬೇಕು, ಸೇರಿದ ಸುದ್ದಿ ಪರೀಕ್ಷಾ ಪ್ರಾಧಿಕಾರದ ಸರ್ವರಿಗೆ ಮುಟ್ಟಬೇಕು. ಕೊನೆಯ ದಿನಗಳ ನೂಕುನುಗ್ಗಲಿನಲ್ಲಿ ಎಷ್ಟೋ ಸಲ ಹಣ ಹೋಗಿರುತ್ತದೆ, ಸುದ್ದಿ ಹೋಗಿರುವುದಿಲ್ಲ. ಆದ್ದರಿಂದ ತೆರೆದಿಟ್ಟ ಹಳೆಯ ಪುಟವನ್ನು ಮುಚ್ಚಿ, ಹೊಸದಾಗಿ ಲಾಗಿನ್ ಆಗಿ ನೋಡಿ. ಪಾವತಿ ಸ್ಥಿತಿ ಪರಿಶೀಲಿಸುವ ಗುಂಡಿ ಇದ್ದರೆ ಒತ್ತಿ; ಹಾಗೆ ಒತ್ತಿದಾಗ ‘ಬಾಕಿ’ ಎಂದಿದ್ದದ್ದು ಸರಿಹೋಗುವುದುಂಟು. ಎನ್‌ಟಿಎ ಪರೀಕ್ಷೆಗಳಲ್ಲಿ ದೃಢೀಕರಣ ಪುಟ ಬಂದರೆ ಮಾತ್ರ ಶುಲ್ಕ ಸಂದಾಯವಾದಂತೆ. ಉಳಿದ ಕಡೆಯೂ ಅರ್ಜಿಯ ಮೇಲೆ ಏನು ಬರೆದಿದೆಯೋ ಅದೇ ಸಾಕ್ಷಿ, ಬ್ಯಾಂಕಿನ ಸಂದೇಶವಲ್ಲ.

ಇದೇ ಪ್ರಶ್ನೆಗೆ ಹಿರಿಯೂರಿನವರೊಬ್ಬರು “ಎರಡನೆಯ ಸಲ ಕಟ್ಟಲೇಬೇಡಿ, ಹಣ ಮುಳುಗುತ್ತದೆ” ಎಂದಿದ್ದಾರೆ. ಅರ್ಧ ಸರಿ. ಐದು ನಿಮಿಷದಲ್ಲಿ ಮತ್ತೆ ಕಟ್ಟುವುದು ತಪ್ಪು, ಎರಡೂ ಜಮೆಯಾಗಿ ಕೂತುಬಿಡಬಹುದು. ನಾಳೆ ಸಂಜೆಯವರೆಗೆ ಕಾಯಿರಿ. ಆಗಲೂ ಬಾಕಿ ಎಂದಿದ್ದರೆ ಮತ್ತೆ ಕಟ್ಟಿ. 600 ರೂಪಾಯಿ ಉಳಿಸಲು ಹೋಗಿ ಒಂದು ವರ್ಷ ಕಳೆದುಕೊಳ್ಳುವುದು ಯಾವ ಲೆಕ್ಕ?

ಹಣ ವಾಪಸಾಗುವುದಕ್ಕೆ ರಿಸರ್ವ್ ಬ್ಯಾಂಕಿನ 2019ರ ಸೆಪ್ಟೆಂಬರಿನ ಸುತ್ತೋಲೆ ಇದೆ. ಯುಪಿಐಯಲ್ಲಿ ಹಣ ಕಡಿತವಾಗಿ, ಪಡೆಯಬೇಕಾದ ಸಂಸ್ಥೆಗೆ ಖಚಿತತೆ ತಲುಪದಿದ್ದರೆ, ಕಟ್ಟಿದ ದಿನದ ನಂತರ ಐದು ದಿನಗಳೊಳಗೆ ಅದು ತಾನಾಗಿಯೇ ಮರಳಬೇಕು. ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ. ಸೋಮವಾರ ಕಟ್ಟಿದ್ದರೆ ಶನಿವಾರದವರೆಗೆ ತಾಳಿ, ಆಮೇಲೆ ಆ್ಯಪಿನಲ್ಲಿ ಅದೇ ಪಾವತಿಯ ಮೇಲೆ ದೂರು ದಾಖಲಿಸಿ. ಬ್ಯಾಂಕು 30 ದಿನವಾದರೂ ಉತ್ತರಿಸದಿದ್ದರೆ ರಿಸರ್ವ್ ಬ್ಯಾಂಕಿನ ದೂರು ತಾಣ cms.rbi.org.in ಇದೆ. ಆದರೆ ಬ್ಯಾಂಕು “ವಹಿವಾಟು ಯಶಸ್ವಿ” ಎಂದು ದೂರು ಮುಚ್ಚಿದರೆ, ಹಣ ಆ ಕಡೆ ಸೇರಿದೆ ಎಂದರ್ಥ. ಆಗ ಬ್ಯಾಂಕಿನವರ ಮೇಲೆ ರೇಗಿ ಫಲವಿಲ್ಲ. ಯುಟಿಆರ್, ಅರ್ಜಿ ಸಂಖ್ಯೆ, ಖಾತೆಯ ವಿವರಪಟ್ಟಿ ಮೂರನ್ನೂ ಲಗತ್ತಿಸಿ ಪರೀಕ್ಷಾ ಪ್ರಾಧಿಕಾರದ ಸಹಾಯವಾಣಿಗೆ ಇಮೇಲ್ ಕಳುಹಿಸಿ. ಎರಡು ಸಲ ಜಮೆಯಾದದ್ದನ್ನು ಕೊಡುವ ರೀತಿ ಒಂದೊಂದು ಕಡೆ ಒಂದೊಂದು. ಅಧಿಸೂಚನೆಯ ಶುಲ್ಕದ ಭಾಗವನ್ನು ಓದಿಕೊಂಡೇ ಬರೆಯಿರಿ.

ಈಗ ನಿಮ್ಮನ್ನು ಬೈಯಲೇಬೇಕು. ಬೇರೆಯವರ ಫೋನಿನಿಂದ ಏಕೆ ಕಟ್ಟಿಸಿದಿರಿ? ನಮ್ಮ ಅಣ್ಣನ ಮಗಳು ಹೊಳಲ್ಕೆರೆಯಲ್ಲಿ ಹೀಗೆಯೇ ನಗದು ಕೊಟ್ಟು ಕಟ್ಟಿಸಿದ್ದಳು. ಮೊದಲನೆಯದು ಸಿಕ್ಕಿಹಾಕಿಕೊಂಡಿತು, ಎರಡನೆಯದು ಸರಿಹೋಯಿತು. ವಾಪಸು ಬರುವ ಹಣ ಹೊರಟ ಖಾತೆಗೇ ಬರುತ್ತದೆ, ಅಂದರೆ ಅಂಗಡಿಯವನ ಖಾತೆಗೆ. ಕೇಳಿದಾಗಲೆಲ್ಲ “ಬಂದಿಲ್ಲ” ಎನ್ನುತ್ತಿದ್ದ. ಕೊನೆಗೆ ನಾನೇ ಹೋಗಿ ಪಕ್ಕದಲ್ಲಿ ಕುಳಿತು ಖಾತೆಯ ವಿವರಪಟ್ಟಿ ತೆರೆಸಿದೆ. ಅದೇ ಯುಟಿಆರ್ ಕಡಿತದ ಸಾಲಿನಲ್ಲೊಮ್ಮೆ, ನಾಲ್ಕು ದಿನದ ನಂತರದ ಜಮೆಯ ಸಾಲಿನಲ್ಲೊಮ್ಮೆ ಇತ್ತು. ಮೋಸವೇನಲ್ಲ. ದಿನಕ್ಕೆ ಅಷ್ಟೊಂದು ಪಾವತಿ ಮಾಡುವವನು ಸಂದೇಶಗಳನ್ನು ಓದುವುದೇ ಇಲ್ಲ. ನೀವೂ ಬಾಯಿಮಾತು ಕೇಳಬೇಡಿ, ಸಂಖ್ಯೆ ಹಿಡಿದು ಹುಡುಕಿಸಿ. ಮುಂದೆ ಸ್ವಂತ ಖಾತೆಯಿಂದಲೇ ಕಟ್ಟಿ. ನನ್ನ ಒಲವು ನೆಟ್ ಬ್ಯಾಂಕಿಂಗಿನ ಕಡೆ. ಯುಪಿಐಯೇ ಬೇಕೆಂದರೆ ಭೀಮ್ ಸಾಕು, ಕ್ಯಾಶ್‌ಬ್ಯಾಕ್ ಆಸೆಗೆ ಆ್ಯಪ್ ಬದಲಿಸುತ್ತಾ ಕೂರಬೇಡಿ.

ರೈಲ್ವೆಯ 400 ರೂಪಾಯಿ ಇನ್ನೂ ಬಂದಿಲ್ಲ ಎಂದು ಇಲ್ಲೇ ಬರೆದಿರುವ ದಾವಣಗೆರೆಯ ಸ್ನೇಹಿತರೇ, ಅದು ಬೇರೆ ವಿಷಯ. 500 ಕಟ್ಟಿದವರು ಮೊದಲ ಹಂತದ ಪರೀಕ್ಷೆ ಬರೆದರೆ ಬ್ಯಾಂಕ್ ಶುಲ್ಕ ಕಳೆದು ಮರಳಿಸುವ ಹಣ ಅದು. ಅರ್ಜಿಯಲ್ಲಿ ಕೊಟ್ಟ ಖಾತೆ ಸಂಖ್ಯೆ ಸರಿಯಿದೆಯೇ ನೋಡಿಕೊಳ್ಳಿ.

ಇನ್ನೊಂದು. ಸಹಾಯವಾಣಿ ಸಂಖ್ಯೆಯನ್ನು ಗೂಗಲಿನಲ್ಲಿ ಹುಡುಕಬೇಡಿ, ಅಧಿಸೂಚನೆಯಿಂದಲೇ ತೆಗೆದುಕೊಳ್ಳಿ. “ಹಣ ವಾಪಸು ಕೊಡುತ್ತೇವೆ, ಪಿನ್ ಒತ್ತಿ” ಎಂದು ಯಾರಾದರೂ ಕರೆ ಮಾಡಿದರೆ ಇಟ್ಟುಬಿಡಿ. ಹಣ ಪಡೆಯಲು ಪಿನ್ ಬೇಕಿಲ್ಲ. ಒತ್ತಿ ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.