ವಾರ್ಡಿನ ಅನುಭವ, ರಿಸರ್ಚ್ ಹುದ್ದೆಯ ರೆಸ್ಯೂಮೆ

ಗುರುತು ಸಿಗದ ಹಾಗೆ ವಿವರಗಳನ್ನು ಬದಲಿಸಿದ್ದೇನೆ. ರೆಸ್ಯೂಮೆ ತಿದ್ದಿಸಿಕೊಳ್ಳಲು ನನ್ನ ಬಳಿ ಬಂದವರು ಕ್ಯಾನ್ಸರ್ ವಾರ್ಡಿನಲ್ಲಿ ಎಂಟು ವರ್ಷ ಕೆಲಸ ಮಾಡಿದ ಸ್ಟಾಫ್ ನರ್ಸ್. ಔಷಧಿಗಳನ್ನು ರೋಗಿಗಳ ಮೇಲೆ ಪರೀಕ್ಷಿಸುವ ಟ್ರಯಲ್‌ಗಳ ದಿನನಿತ್ಯದ ಕೆಲಸ ನೋಡಿಕೊಳ್ಳುವ ಕ್ಲಿನಿಕಲ್ ರಿಸರ್ಚ್ ಕೋಆರ್ಡಿನೇಟರ್ ಹುದ್ದೆಗಳಿಗೆ ಅರ್ಜಿ ಹಾಕುತ್ತಿದ್ದರು. ಎಲ್ಲಿಂದಲೂ ಕರೆ ಇಲ್ಲ. "ರಿಸರ್ಚ್ ಮಾಡೇ ಇಲ್ಲ ಮೇಡಂ, ಏನಂತ ಬರೆಯಲಿ?" ಎಂದರು.

ರೆಸ್ಯೂಮೆಯಲ್ಲಿದ್ದದ್ದು: ಐ.ವಿ. ಲೈನ್ ಹಾಕುವುದು, ಬಿ.ಪಿ. ನೋಡುವುದು, ಔಷಧಿ ಕೊಡುವುದು. ಯಾವ ನರ್ಸ್ ಬರೆದರೂ ಇದೇ ಅಲ್ವಾ? ರೆಸ್ಯೂಮೆ ಪಕ್ಕಕ್ಕಿಟ್ಟು, ಪ್ಯಾಕ್ಲಿಟ್ಯಾಕ್ಸೆಲ್ ಎಂಬ ಕೀಮೋ ಔಷಧಿ ಕೊಡುವ ದಿನ ಏನೇನು ಮಾಡುತ್ತೀರಿ ಎಂದು ಕೇಳಿದೆ. ಮಾತು ಸರಾಗವಾಗಿ ಬಂತು. ಡೋಸ್ ಇಬ್ಬರು ನೋಡಬೇಕು, ಅಲರ್ಜಿ ತಡೆಯುವ ಔಷಧಿ ಮೊದಲೇ ಹೋಗಿರಬೇಕು, ಡ್ರಿಪ್ ಶುರುವಾದ ಸಮಯ ಆಗಲೇ ಬರೆಯಬೇಕು, ಮೊದಲ ಒಂದು ಗಂಟೆ ರೋಗಿಯ ಮೇಲೆ ಕಣ್ಣಿರಬೇಕು. ಮುಖ ಕೆಂಪಾಗಿ ಉಸಿರು ಕಟ್ಟಿದರೆ ಡ್ರಿಪ್ ನಿಲ್ಲಿಸಿ ಡಾಕ್ಟರನ್ನು ಕರೆಯುತ್ತಾರೆ, ಆಮೇಲೆ ಘಟನೆಯ ವರದಿ ಬರೆಯುತ್ತಾರೆ. ಚಾರ್ಟಿನಲ್ಲಿ ತಪ್ಪಾದರೆ? "ಒಂದೇ ಗೆರೆ ಎಳೆದು ಸಹಿ, ತಾರೀಖು ಹಾಕ್ತೀವಿ. ವೈಟ್‌ನರ್ ಮುಟ್ಟಲ್ಲ."

ಟ್ರಯಲ್‌ನ ಮೂಲ ದಾಖಲೆಗೂ ಇದೇ ನಿಯಮ. ಹಾಗಾಗಿ 'ಔಷಧಿ ಕೊಡುವುದು' ಎಂಬ ಸಾಲು ಹೀಗಾಯಿತು: "ಕೀಮೋ ಡೋಸ್‌ಗಳನ್ನು ಇಬ್ಬರ ಪರಿಶೀಲನೆಯೊಂದಿಗೆ ನಿಗದಿತ ಕ್ರಮದಲ್ಲಿ ಕೊಟ್ಟು, ಸಮಯವನ್ನು ಆಗಲೇ ದಾಖಲಿಸಿದ್ದೇನೆ. ಇನ್‌ಫ್ಯೂಷನ್ ರಿಯಾಕ್ಷನ್ ಗುರುತಿಸಿ ಡಾಕ್ಟರಿಗೆ ತಿಳಿಸಿ, ವರದಿ ಬರೆದಿದ್ದೇನೆ." ನಮ್ಮಲ್ಲಿ 2019ರ ನಿಯಮಗಳ ಪ್ರಕಾರ, ಟ್ರಯಲ್‌ನಲ್ಲಿ ಎಸ್‌ಎಇ ಎನ್ನುವ ಗಂಭೀರ ಅಡ್ಡಪರಿಣಾಮವಾದರೆ ಸಂಶೋಧಕ ವೈದ್ಯರು 24 ಗಂಟೆಯೊಳಗೆ ವರದಿ ಮಾಡಬೇಕು. ಅದು ವೈದ್ಯರ ಕಿವಿಗೆ ಬೇಗ ಬೀಳುವುದು ಬಹಳ ಸಲ ಕೋಆರ್ಡಿನೇಟರ್‌ನಿಂದ. ಆ ಎರಡನೇ ವಾಕ್ಯಕ್ಕೆ ಬೆಲೆ ಬರುವುದು ಅದಕ್ಕೇ. ಆದರೆ ವಾರ್ಡಿನ ಘಟನಾ ವರದಿಯನ್ನು 'ಎಸ್‌ಎಇ ರಿಪೋರ್ಟಿಂಗ್' ಎಂದು ಬರೆಯಬೇಡಿ ಎಂದೆ. ಇಂಟರ್‌ವ್ಯೂನಲ್ಲಿ ಎರಡನೇ ಪ್ರಶ್ನೆಗೇ ಸಿಕ್ಕಿಬೀಳುತ್ತೀರಿ.

ಒಪ್ಪಿಗೆ ಪತ್ರದ ವಿಷಯದಲ್ಲಿ ಇನ್ನೂ ಬಿಗಿಯಾಗಿ ಹೇಳಿದೆ. "ಇನ್‌ಫಾರ್ಮ್ಡ್ ಕನ್ಸೆಂಟ್ ಪಡೆದಿದ್ದೇನೆ" ಎಂದು ಬರೆಯಲು ಹೊರಟಿದ್ದರು. ಅವರು ಮಾಡಿದ್ದು ಚಿಕಿತ್ಸೆಯ ಫಾರಂಗೆ ಸಹಿ ಹಾಕಿಸಿದ್ದು. ಟ್ರಯಲ್‌ನಲ್ಲಿ ರೋಗಿ ಯಾವಾಗ ಬೇಕಾದರೂ ಹೊರಬರಬಹುದು, ಅದರಿಂದ ಚಿಕಿತ್ಸೆಗೆ ತೊಂದರೆಯಾಗದು ಎಂಬುದನ್ನೂ ವಿವರಿಸಬೇಕು. ಓದಲು ಬಾರದವರಿದ್ದರೆ ತಂಡಕ್ಕೆ ಸೇರದ ಸಾಕ್ಷಿಯೊಬ್ಬರು ಬೇಕು. ಈ ನರ್ಸ್‌ಗೆ ನಿಜವಾಗಿ ಇದ್ದ ಅನುಭವವೇ ಸಾಕಿತ್ತು: ಅಡ್ಡಪರಿಣಾಮಗಳನ್ನು ರೋಗಿಗೂ ಮನೆಯವರಿಗೂ ಕನ್ನಡ, ತೆಲುಗಿನಲ್ಲಿ ವಿವರಿಸಿ, ಅವರ ಅನುಮಾನಗಳನ್ನು ಡಾಕ್ಟರಿಗೆ ತಲುಪಿಸುವುದು. ಅದನ್ನೇ ಬರೆಸಿದೆ.

ಟ್ರಯಲ್ ನಡೆಸುವ ನಿಯಮಗಳನ್ನು ಕಲಿಸುವ ಜಿಸಿಪಿ ಕೋರ್ಸ್ ಮಾಡಿರಲಿಲ್ಲ. ಮೊದಲು ಅದನ್ನು ಮುಗಿಸಿ, ತಾರೀಖಿನೊಂದಿಗೆ ಮೇಲ್ಗಡೆಯೇ ಹಾಕಿ ಎಂದೆ.

"ಹಾಗಾದ್ರೆ ಐ.ವಿ. ಲೈನ್ ಸಾಲು ತೆಗೆದುಬಿಡ್ಲಾ?" ಎಂದು ಕೇಳಿದರು. ಬೇಡ, ಒಂದೇ ಸಾಲಿನಲ್ಲಿ ಇರಲಿ. ನಿಗದಿತ ನಿಮಿಷಕ್ಕೆ ರಕ್ತದ ಸ್ಯಾಂಪಲ್ ತೆಗೆಯಬೇಕಾದ ಟ್ರಯಲ್‌ಗಳಿವೆ. ಕೈ ಪಳಗಿದ ನರ್ಸ್ ತಂಡದಲ್ಲಿದ್ದರೆ ಅಲ್ಲಿ ಕೆಲಸ ಸಲೀಸು.