ಹೆಂಡತಿಯ ಠೇವಣಿ, ಮಗಳ ಠೇವಣಿ: ಬಡ್ಡಿಗೆ ತೆರಿಗೆ ಯಾರದು?

ಓದುಗರ ಪತ್ರ: ನನ್ನ ಸಂಬಳ 18 ಲಕ್ಷ. ಗೃಹಿಣಿಯಾದ ಹೆಂಡತಿಗೆ 8 ಲಕ್ಷ ಕೊಟ್ಟು ಶೇ. 7ರ ಠೇವಣಿ ಮಾಡಿಸಿದೆ. ಬಡ್ಡಿಯಲ್ಲಿ ತೆರಿಗೆ ಕಡಿತ ಬೇಡವೆಂದು ಆಕೆ ಬ್ಯಾಂಕಿಗೆ 15ಜಿ ನಮೂನೆ ಕೊಟ್ಟಿದ್ದಾಳೆ. 11 ವರ್ಷದ ಮಗಳಿಗೆ ಮಾವನವರು ಕೊಟ್ಟ 3 ಲಕ್ಷದ ಠೇವಣಿಯೂ ಇದೆ. ಅವಳು ಸಂಗೀತ ಕಾರ್ಯಕ್ರಮಗಳಲ್ಲಿ ಹಾಡಿ 40,000 ರೂ. ಸಂಭಾವನೆ ಪಡೆದಿದ್ದಾಳೆ. 2025-26ರಲ್ಲಿ ನಾನು ಹೊಸ ತೆರಿಗೆ ಪದ್ಧತಿಯಲ್ಲಿದ್ದೇನೆ. ಇವೆಲ್ಲ ನನ್ನ ಆದಾಯವೇ?
— ಒಬ್ಬ ಓದುಗ, ದಾವಣಗೆರೆ

ಸಂಪಾದಕರ ಉತ್ತರ: ಸಂಭಾವನೆಯೊಂದನ್ನು ಬಿಟ್ಟು ಉಳಿದೆರಡೂ ನಿಮ್ಮ ಲೆಕ್ಕಕ್ಕೇ ಬರುತ್ತವೆ, ಆದರೆ ಕಾರಣಗಳು ಬೇರೆ ಬೇರೆ.

ಹೆಂಡತಿಗೆ ಕೊಟ್ಟ ಹಣ ದಾನವಾದ್ದರಿಂದ ಅದಕ್ಕೆ ತೆರಿಗೆಯಿಲ್ಲ. ಆದರೆ ತಕ್ಕ ಪ್ರತಿಫಲವಿಲ್ಲದೆ ಸಂಗಾತಿಗೆ ಕೊಟ್ಟ ಆಸ್ತಿಯಿಂದ ಹುಟ್ಟುವ ಆದಾಯ ಕೊಟ್ಟವರದ್ದೇ ಎಂದು 1961ರ ಆದಾಯ ತೆರಿಗೆ ಕಾಯಿದೆಯ 64ನೇ ಕಲಂ ಹೇಳುವುದರಿಂದ, ವರ್ಷದ 56,000 ರೂ. ಬಡ್ಡಿ ನಿಮ್ಮದಾಗುತ್ತದೆ. ಆ ಬಡ್ಡಿಯನ್ನೇ ಆಕೆ ಬೇರೆ ಠೇವಣಿಯಲ್ಲಿ ಇಟ್ಟರೆ ಅದರಿಂದ ಬರುವ 3,920 ರೂ. ಮಾತ್ರ ಆಕೆಯದು. ಆದ್ದರಿಂದ ಮೂಲ ಹಣ ಮತ್ತು ಅದರ ಬಡ್ಡಿಯನ್ನು ಒಂದೇ ಠೇವಣಿಯಲ್ಲಿ ಬೆರೆಸದಿರುವುದು ಲೇಸು. ಬೆರೆಸಿದರೆ ಮುಂದೆ ಬೇರ್ಪಡಿಸಿ ತೋರಿಸುವುದು ಕಷ್ಟ.

ನೀವು ಪ್ರಾಸಂಗಿಕವಾಗಿ ಬರೆದ 15ಜಿಯೇ ನನಗೆ ಹೆಚ್ಚು ಚಿಂತೆಯ ವಿಷಯವೆನಿಸಿತು. ಈ ಆದಾಯ ಬೇರೆ ಯಾರ ಆದಾಯಕ್ಕೂ ಸೇರತಕ್ಕದ್ದಲ್ಲ ಎಂದು ಆ ನಮೂನೆಯಲ್ಲಿ ಸಹಿ ಮಾಡಿದವರು ಘೋಷಿಸಿರುತ್ತಾರೆ. ನಿಮ್ಮ ವಿಷಯದಲ್ಲಿ ಅದು ನಿಜವಲ್ಲ. ಅದನ್ನು ಹಿಂಪಡೆಯಲು ಬ್ಯಾಂಕಿಗೆ ಬರೆದುಕೊಡಿ, ಮುಂದೆ ಕೊಡಬೇಡಿ. ಮೂಲದಲ್ಲೇ ತೆರಿಗೆ ಕಡಿತವಾದರೆ, ಅದರ ಜಮೆ ನಿಮ್ಮ ಪ್ಯಾನ್‌ಗೆ ಸಿಗುವಂತೆ ಆಕೆ ಬ್ಯಾಂಕಿಗೆ ಘೋಷಣೆ ಕೊಡಬಹುದು.

ಮಗಳ ಠೇವಣಿಯಲ್ಲಿ ಹಣ ಕೊಟ್ಟವರು ಯಾರೆಂಬ ಪ್ರಶ್ನೆಯೇ ಏಳುವುದಿಲ್ಲ. ಅಪ್ರಾಪ್ತ ಮಗುವಿನ ಆದಾಯ, ತಾತ ಕೊಟ್ಟ ಹಣದ್ದಾದರೂ, ತಂದೆ-ತಾಯಿಯರಲ್ಲಿ ಹೆಚ್ಚು ಆದಾಯವಿರುವವರಿಗೆ ಸೇರುತ್ತದೆ; ಹಾಗಾಗಿ ಶೇ. 7ರಂತೆ 21,000 ರೂ. ನಿಮ್ಮದು. ಮಗುವೊಂದಕ್ಕೆ ಸಿಗುತ್ತಿದ್ದ 1,500 ರೂ. ವಿನಾಯಿತಿ ಹೊಸ ಪದ್ಧತಿಯಲ್ಲಿಲ್ಲ. ಇಲ್ಲಿ ಬಡ್ಡಿಯ ಮೇಲಿನ ಬಡ್ಡಿಗೂ ಬಿಡುಗಡೆಯಿಲ್ಲ. ಅವಳಿಗೆ 18 ತುಂಬುವವರೆಗೆ ಎಲ್ಲವೂ ಸೇರುತ್ತದೆ.

ಹಾಡಿದ ಸಂಭಾವನೆ ಮಗುವಿನ ಸ್ವಂತ ಪ್ರತಿಭೆಯ ಗಳಿಕೆಯಾದ್ದರಿಂದ ಅವಳದ್ದೇ ಆದಾಯ, ಮೊತ್ತ ಸಣ್ಣದಾದ್ದರಿಂದ ತೆರಿಗೆಯೂ ಇಲ್ಲ. ಆದರೆ ಆ 40,000 ರೂ. ಠೇವಣಿಯಾದ ಕೂಡಲೇ ಅದರ ಬಡ್ಡಿ ಪ್ರತಿಭೆಯ ಫಲವಾಗಿ ಉಳಿಯುವುದಿಲ್ಲ, ನಿಮ್ಮ ಲೆಕ್ಕಕ್ಕೆ ಬರುತ್ತದೆ. ಮಗುವಿನ ದುಡಿಮೆಯನ್ನು ಬಿಟ್ಟು, ಉಳಿತಾಯವನ್ನು ಹಿಡಿಯುವ ಈ ಗೆರೆ ನನಗೆ ಸ್ವಲ್ಪ ಕಟುವಾಗಿಯೇ ಕಾಣುತ್ತದೆ.

ಒಟ್ಟು 77,000 ರೂ. ನಿಮ್ಮ ಸಂಬಳದ ಮೇಲೆ ಬರುವುದರಿಂದ ಶೇ. 20ರ ಹಂತದಲ್ಲಿ 15,400 ರೂ., ಸೆಸ್ ಸೇರಿ 16,016 ರೂ. ತೆರಿಗೆಯಾಗುತ್ತದೆ. ಇದು 10,000 ರೂ. ಮೀರಿದ್ದರಿಂದ, ಮುಂಗಡ ತೆರಿಗೆ ಕಟ್ಟಿಲ್ಲದಿದ್ದರೆ ಬಡ್ಡಿಸಹಿತ ಕಟ್ಟಿ ರಿಟರ್ನ್ ಸಲ್ಲಿಸಿ.