ಪಕ್ಕದ ಹೊಲದಲ್ಲಿ ದಾರಿ ಹಕ್ಕು: ಯಾವ ಆಧಾರದ ಮೇಲೆ ಕೇಳಬೇಕು?

ಪ್ರಶ್ನೆ: ನಮ್ಮ ಜಮೀನಿಗೆ ದೊಡ್ಡಪ್ಪನ ಹೊಲದ ಮೂಲಕ ಓಡಾಡುತ್ತಿದ್ದೆವು. ಈಗ ಅವರ ಮಗ ಬೇಲಿ ಹಾಕಿದ್ದಾರೆ. ದಾರಿ ನಮ್ಮ ಹಕ್ಕು ಅಂತ ಕೇಳಬಹುದಾ?

ಕೇಳಬಹುದು. ಆದರೆ ಯಾವ ಆಧಾರದ ಮೇಲೆ ಕೇಳುತ್ತೀರಿ ಅನ್ನೋದು ಮುಖ್ಯ, ಏಕೆಂದರೆ ಹಕ್ಕು ಹೋಗುವ ರೀತಿಯೂ ಅದರಿಂದಲೇ ತೀರ್ಮಾನವಾಗುತ್ತದೆ. ನಾನು ಸಿವಿಲ್ ವಕೀಲ. ನಿಮ್ಮಂಥದ್ದೇ ಒಂದು ದಾವೆಯನ್ನು ಹತ್ತಿರದಿಂದ ನೋಡಿದ್ದೇನೆ.

1996ರಲ್ಲಿ ಅಣ್ಣತಮ್ಮಂದಿರು ಪಾಲಾದರು. ತಮ್ಮನಿಗೆ ಹಿಂದಿನ ತುಂಡು ಬಂತು. ಪಾಲುಪತ್ರದಲ್ಲಿ ದಾರಿಯ ಮಾತೇ ಇರಲಿಲ್ಲ. ಒಂದೇ ಜಮೀನು ತುಂಡಾಗಿ, ಒಂದು ತುಂಡಿಗೆ ಬೇರೆ ದಾರಿಯೇ ಇಲ್ಲದಿದ್ದರೆ, 1882ರ ಈಸ್‌ಮೆಂಟ್ ಕಾಯ್ದೆಯ 13ನೇ ಸೆಕ್ಷನ್ ಪ್ರಕಾರ ಅಗತ್ಯದ ದಾರಿ ಸಿಗುತ್ತದೆ. ತಮ್ಮನಿಗೂ ಸಿಕ್ಕಿತ್ತು. ಆದರೆ 2015ರಲ್ಲಿ ಅವನ ಹೊಲದ ಇನ್ನೊಂದು ಬದಿಗೆ ಸರ್ಕಾರಿ ರಸ್ತೆ ಬಂತು. 2021ರಲ್ಲಿ ಅಣ್ಣನ ಮಗ ಬೇಲಿ ಹಾಕಿದ. ತಮ್ಮ ಅಗತ್ಯವೊಂದನ್ನೇ ಹಿಡಿದು ದಾವೆ ಹಾಕಿ ಸೋತ. ಅಗತ್ಯ ತೀರಿದ ದಿನವೇ ಆ ಹಕ್ಕು ಹೋಗುತ್ತದೆ, 41ನೇ ಸೆಕ್ಷನ್ ಹೇಳುವುದು ಅದನ್ನೇ. ಹೊಸ ದಾರಿ ಸ್ವಲ್ಪ ಸುತ್ತಾದರೂ ವಾದ ನಿಲ್ಲುವುದು ಕಷ್ಟ.

ಅವನಿಗೆ ಇನ್ನೊಂದು ಆಧಾರವಿತ್ತು: 20 ವರ್ಷಗಳ ಬಳಕೆ. ಯಾರ ಅಡ್ಡಿಯೂ ಇಲ್ಲದೆ, ಎಲ್ಲರಿಗೂ ಕಾಣುವಂತೆ, ಹಕ್ಕಿನಿಂದ ಓಡಾಡಿರಬೇಕು. ಹೀಗೆ ಬಂದ ಹಕ್ಕು, ಬೇರೆ ರಸ್ತೆ ಬಂದ ಮಾತ್ರಕ್ಕೆ ಹೋಗುವುದಿಲ್ಲ. ಆದರೆ ಸಾಕ್ಷಿ ಹೇಳುವಾಗ ಅವನೇ, "ಅಣ್ಣ ಹೋಗೋ ಅಂದಿದ್ದ, ಅದಕ್ಕೇ ಹೋಗುತ್ತಿದ್ದೆ" ಅಂದುಬಿಟ್ಟ. ಅಲ್ಲಿಗೆ ಆ ದಾರಿಯೂ ಮುಚ್ಚಿತು. ಅನುಮತಿ ಪಡೆದು ಓಡಾಡಿದ್ದು ಎಷ್ಟು ವರ್ಷವಾದರೂ ಹಕ್ಕಾಗುವುದಿಲ್ಲ. ಸಂಬಂಧಿಕರ ನಡುವೆ ಇದೇ ಜಾಸ್ತಿ ಎಡವುವ ಜಾಗ, ದಯವಿಟ್ಟು ಗಮನವಿಡಿ.

ನಿಮ್ಮ ವಿಷಯದಲ್ಲಿ ಮೊದಲು ಪಾಲುಪತ್ರ ಓದಿಸಿ. ದಾರಿ ಬರೆದಿದ್ದರೆ ನಿಮ್ಮ ಬುಡ ಗಟ್ಟಿ, ಅಗತ್ಯ ತೀರಿತು ಅನ್ನುವ ವಾದ ಅದಕ್ಕೆ ತಾಗುವುದಿಲ್ಲ. ಬರೆದಿಲ್ಲದಿದ್ದರೆ ಅಗತ್ಯ ಮತ್ತು ದೀರ್ಘ ಬಳಕೆ ಎರಡನ್ನೂ, ಒಂದಲ್ಲದಿದ್ದರೆ ಇನ್ನೊಂದು ಅನ್ನುವಂತೆ, ವಾದಪತ್ರದಲ್ಲೇ ಹೇಳಿಸಿ. ಆ ಜಾಗ ನಮ್ಮದೇ ಅಂತ ಮಾತ್ರ ಹೇಳಬೇಡಿ. ತನ್ನ ಜಮೀನಿನ ಮೇಲೆ ತನಗೇ ದಾರಿ ಹಕ್ಕು ಇರುವುದಿಲ್ಲ, ಅಲ್ವಾ? ದಾರಿ ಎಲ್ಲಿಂದ ಎಲ್ಲಿಗೆ, ಎಷ್ಟು ಅಗಲ ಅನ್ನುವುದನ್ನು ಕೈನಕ್ಷೆಯೊಂದಿಗೆ ಬರೆಸಿ. ಹಕ್ಕಿನ ಘೋಷಣೆಯ ಜೊತೆಗೆ ಬೇಲಿ ತೆಗೆಸಲೂ ಕೇಳಿ.

ರಾಜಿ ಆಗುತ್ತದೆ ಅಂತ ಸುಮ್ನೆ ಕೂರಬೇಡಿ. 20 ವರ್ಷಗಳ ಬಳಕೆ, ದಾವೆ ಹಾಕುವ ದಿನದಿಂದ ಹಿಂದಿನ 2 ವರ್ಷದೊಳಗೆ ಕೊನೆಗೊಂಡಿರಬೇಕು. ಬೇಲಿ ಹಾಕಿ 2 ವರ್ಷ ದಾಟಿದರೆ ಹಳೆಯ ಓಡಾಟವೆಲ್ಲ ಲೆಕ್ಕಕ್ಕೆ ಬರುವುದಿಲ್ಲ. ಬೇಲಿ ಹಾಕಿದ ತಾರೀಖು ನೆನಪಿರುವಾಗಲೇ ಬರೆದಿಡಿ, ಫೋಟೋ ತೆಗೆದಿಡಿ, ಆಕ್ಷೇಪಣೆಯ ನೋಟಿಸನ್ನು ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ.